ಕರೆಂಟು ಬರಲಿ ಬಿಡಿ, ಫ್ರಿಜ್ಜಿಗೆ ಮೂರು ನಿಮಿಷ ಕೊಡಿ ಮಾರಾಯ್ರೇ

ಕರೆಂಟು ಹೋದರೆ ನನಗೆ ಸಿಟ್ಟು ಬರುವುದಿಲ್ಲ. ಮಲೆನಾಡಿನ ಮಳೆಗಾಲ ಅಂದ ಮೇಲೆ ಅದು ಇದ್ದದ್ದೇ. ಹೋಗಿ ಎರಡೇ ಸೆಕೆಂಡಿಗೆ ಬರುತ್ತದಲ್ಲ, ಬಂದದ್ದು ಮತ್ತೆ ಹೋಗುತ್ತದಲ್ಲ, ಅದಕ್ಕೆ ಮೈ ಉರಿಯುತ್ತದೆ. ಎಲ್ಲೋ ಒಂದು ಕೊಂಬೆ ಲೈನಿಗೆ ತಾಗುತ್ತದೆ. ಫೀಡರ್ ಟ್ರಿಪ್ ಆಗುತ್ತದೆ. ಸಬ್‌ಸ್ಟೇಷನ್ನಿನವರು ಚಾರ್ಜ್ ಮಾಡಿ ನೋಡುತ್ತಾರೆ. ಕೊಂಬೆ ಅಲ್ಲೇ ಇದ್ದರೆ ಮತ್ತೆ ಟ್ರಿಪ್. ಬಲ್ಬು, ಫ್ಯಾನು ಹೇಗೋ ತಡೆದುಕೊಳ್ಳುತ್ತವೆ. ಸಾಯುವುದು ಫ್ರಿಜ್ಜು.

ಊರಲ್ಲಿ ಅಪ್ಪಯ್ಯನ ಮನೆ ಫ್ರಿಜ್ಜು ಹೀಗೇ ಸತ್ತಿತು. "ವೈಂಡಿಂಗ್ ಸುಟ್ಟಿದೆ ಯಜಮಾನ್ರೇ, ರಿಪೇರಿಗಿಂತ ಹೊಸದೇ ವಾಸಿ" ಎಂದು ಹೇಳಿ ಮೆಕ್ಯಾನಿಕ್ ಹೋದ. ಅಪ್ಪಯ್ಯನಿಗೆ ಅರ್ಥವಾಗದ್ದು ಒಂದೇ. ಮೇನ್ ಬೋರ್ಡಿನಲ್ಲಿ ವೋಲ್ಟೇಜ್ ಪ್ರೊಟೆಕ್ಟರ್ ಕೂರಿಸಿತ್ತಲ್ಲ? ವೋಲ್ಟೇಜ್ ಏರಿದರೂ ಇಳಿದರೂ ಇಡೀ ಮನೆಯ ಕರೆಂಟನ್ನು ತಾನೇ ಕಟ್ ಮಾಡುತ್ತದೆ ಎಂದು ಎಲೆಕ್ಟ್ರಿಷಿಯನ್ ಹೇಳಿ ದುಡ್ಡು ತಗೊಂಡಿದ್ದನಲ್ಲ?

ಊರಿಗೆ ಹೋದಾಗ ಅದರ ಬಟನ್ ಒತ್ತಿ ಸೆಟ್ಟಿಂಗ್ ನೋಡಿದೆ. ಕರೆಂಟು ಬಂದ ಮೇಲೆ ಕಾಯುವ ಸಮಯ: 5 ಸೆಕೆಂಡ್. ಐದು! ಎಲೆಕ್ಟ್ರಿಷಿಯನ್ನಿಗೆ ಫೋನ್ ಮಾಡಿದರೆ ಅವನ ಉತ್ತರ ಕೇಳಿ. "ಅಕ್ಕ, ಮೂರು ನಿಮಿಷ ಇಟ್ರೆ ಪಕ್ಕದ ಮನೇಲಿ ಲೈಟ್ ಬಂತು, ನಮ್ಮನೇಲಿ ಬಂದಿಲ್ಲ ಅಂತ ಎಲ್ರೂ ನಂಗೇ ಫೋನ್ ಮಾಡ್ತಾರೆ. ಅದಕ್ಕೆ ಎಲ್ಲಾ ಮನೇಲೂ ಐದೇ ಇಡೋದು." ಅವನಿಗೆ ಬರುವ ಫೋನ್ ಕಮ್ಮಿಯಾಗಲಿ ಅಂತ ಊರವರ ಕಂಪ್ರೆಸರ್ ಸುಡಬೇಕು!

ಮೂರು ನಿಮಿಷ ಸುಮ್ನೆ ಹೇಳುವ ಲೆಕ್ಕ ಅಲ್ಲ. ಕಂಪ್ರೆಸರ್ ಓಡುವಾಗ ಗ್ಯಾಸು ಹಿಂದಿನ ಕಾಯಿಲ್ ಕಡೆ ಜಾಸ್ತಿ ಒತ್ತಡದಲ್ಲಿರುತ್ತದೆ, ಫ್ರೀಜರ್ ಕಡೆ ಕಮ್ಮಿ. ನಡುವೆ ಇರುವುದು ಕೂದಲೆಳೆಯಂಥ ತೂತಿನ ಕ್ಯಾಪಿಲರಿ ಪೈಪು. ಕರೆಂಟು ಹೋದಾಗ ಎರಡೂ ಕಡೆಯ ಒತ್ತಡ ಸಮ ಆಗಬೇಕಾದರೆ ಗ್ಯಾಸು ಆ ಪೈಪಿನಲ್ಲೇ ನುಸುಳಬೇಕು. ಅದಕ್ಕೆ ಮೂರರಿಂದ ಐದು ನಿಮಿಷ ಬೇಕು. ಅಷ್ಟರೊಳಗೆ ಕರೆಂಟು ಬಂದರೆ ಮೋಟಾರು ಆ ಒತ್ತಡದ ಎದುರು ತಿರುಗಲು ನೋಡುತ್ತದೆ, ಆಗುವುದಿಲ್ಲ. ಜೊತೆಗೆ ಸ್ಟಾರ್ಟ್ ಮಾಡಿಸುವ ಪಿಟಿಸಿ ರಿಲೇ ಇನ್ನೂ ಬಿಸಿಯಾಗಿಯೇ ಇರುತ್ತದೆ. ಅದು ತಣ್ಣಗಾಗುವ ತನಕ ಸ್ಟಾರ್ಟಿಂಗ್ ವೈಂಡಿಂಗಿಗೆ ಸರಿಯಾಗಿ ಕರೆಂಟೇ ಸಿಗುವುದಿಲ್ಲ. ಅಂದರೆ ಮೋಟಾರಿಗೆ ಭಾರ ಜಾಸ್ತಿ ಇರುವ ಹೊತ್ತಿಗೇ ಅದರ ಶಕ್ತಿ ಕಮ್ಮಿ.

ಆಗ ಏನಾಗುತ್ತದೆ ಅಂತ ಕಿವಿಗೆ ಕೇಳಿಸುತ್ತದೆ. ಫ್ರಿಜ್ಜಿನ ಹಿಂದೆ ಗುಂಯ್ ಅಂತ ಸದ್ದು, ಲೈಟು ಚೂರು ಡಿಮ್, ಕೆಲವು ಸೆಕೆಂಡಿನಲ್ಲಿ "ಟಕ್". ಆ ಟಕ್ ಅಂದರೆ ಮೋಟಾರನ್ನು ಕಾಯುವ ಓವರ್‌ಲೋಡ್ ಸ್ವಿಚ್ಚು ಬಿಸಿಯಾಗಿ ಬಿಟ್ಟುಕೊಂಡಿತು ಅಂತ. ತಿರುಗದೆ ನಿಂತ ಮೋಟಾರು ಓಡುವ ಮೋಟಾರಿನ ಹಲವು ಪಟ್ಟು ಆಂಪಿಯರ್ ಎಳೆಯುತ್ತದೆ. ಸ್ವಲ್ಪ ಹೊತ್ತಿಗೆ ಓವರ್‌ಲೋಡ್ ತಣ್ಣಗಾಗುತ್ತದೆ, ಮತ್ತೆ ಗುಂಯ್, ಮತ್ತೆ ಟಕ್. ಪ್ರತಿ ಸಲವೂ ವೈಂಡಿಂಗ್ ಮೇಲಿನ ವಾರ್ನಿಶ್ ಅಷ್ಟಷ್ಟು ಬೇಯುತ್ತದೆ. ಒಂದೇ ಸಲಕ್ಕೆ ಸುಡುವುದು ಕಮ್ಮಿ. ಅದಕ್ಕೇ "ನಿನ್ನೆ ತನಕ ಚೆನ್ನಾಗಿತ್ತಲ್ಲ" ಅಂತ ಎಲ್ಲರೂ ಹೇಳುವುದು.

ಇನ್ನು ವೋಲ್ಟೇಜು. ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡುವಾಗ ನಮ್ಮ ಟ್ರಾನ್ಸ್‌ಫಾರ್ಮರಿನ ಕೊನೆ ಮನೆಗೆ 160 ಬಂದರೆ ಪುಣ್ಯ. 230ಕ್ಕೆ 160 ಅಂದರೆ ಮೂರನೇ ಒಂದು ಭಾಗದಷ್ಟೂ ಕಮ್ಮಿಯಾಗಿಲ್ಲ, ಪರವಾಗಿಲ್ಲ ಅನಿಸುತ್ತದೆ, ಅಲ್ವಾ? ಆದರೆ ಮೋಟಾರು ತಿರುಗುವ ಬಲ ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 160ಕ್ಕೆ ಅದು ಅರ್ಧಕ್ಕಿಂತ ಕಮ್ಮಿ. ಅಪ್ಪಯ್ಯನ ಪ್ರೊಟೆಕ್ಟರಿನಲ್ಲಿ ಕಟ್ ಆಗುವ ವೋಲ್ಟೇಜು 150ಕ್ಕೆ ಇಟ್ಟಿತ್ತು. ಇದಕ್ಕೂ ಕಾರಣ ಅದೇ, ಫೋನು. 180ಕ್ಕೆ ಕಟ್, 190 ದಾಟಿದರೆ ಮಾತ್ರ ವಾಪಸ್, ಮೇಲೆ 260ಕ್ಕೆ ಕಟ್, 250ಕ್ಕೆ ಇಳಿದರೆ ವಾಪಸ್ ಅಂತ ಇಟ್ಟಿದ್ದರೆ ಸಾಕಿತ್ತು. ಕಟ್ಟಿಗೂ ವಾಪಸಿಗೂ ನಡುವೆ ಆ ಹತ್ತು ವೋಲ್ಟಿನ ಅಂತರ ಬೇಕೇ ಬೇಕು. ಇಲ್ಲದಿದ್ದರೆ ಅಂಚಿನಲ್ಲಿ ವೋಲ್ಟೇಜ್ ತೂಗಾಡುವಾಗ ರಿಲೇಯೂ ಕಟಕಟ ಅನ್ನುತ್ತಿರುತ್ತದೆ.

ಸರಿ, ಇಡೀ ಮನೆಯನ್ನು ಯಾಕೆ ಕತ್ತಲಲ್ಲಿ ಕೂರಿಸಬೇಕು, ಫ್ರಿಜ್ಜಿನ ಪ್ಲಗ್ಗಿಗೆ ಮಾತ್ರ ಬೇರೆ ತರೋಣ ಅಂತ ಪೇಟೆಗೆ ಹೋದೆ. ಅಲ್ಲಿ ಸಿಟ್ಟು ದುಪ್ಪಟ್ಟಾಯಿತು. ಮೊದಲನೇ ಅಂಗಡಿಯವನು, "ಈಗೆಲ್ಲ ಇನ್ವರ್ಟರ್ ಫ್ರಿಜ್ಜು, ಸ್ಟೆಬಿಲೈಸರ್ರೂ ಬೇಡ ಏನೂ ಬೇಡ" ಅಂದ. ಇನ್ವರ್ಟರ್ ಫ್ರಿಜ್ಜು ಕಮ್ಮಿ ವೋಲ್ಟೇಜ್ ತಡೆದುಕೊಳ್ಳುತ್ತದೆ, ಸ್ಟಾರ್ಟ್ ಆಗುವ ಮುಂಚೆ ಅದರ ಬೋರ್ಡೇ ಕಾಯುತ್ತದೆ, ಒಪ್ಪಿದೆ. ಕಂಬದಲ್ಲಿ ನ್ಯೂಟ್ರಲ್ ಕಡಿದು ಮನೆಗೆ 350 ಬಂದರೆ? ಬೋರ್ಡಿನೊಳಗೆ ಅದು ಡಿಸಿ ಆಗುವಾಗ ಸುಮಾರು 495. ಅಲ್ಲಿನ ಕೆಪಾಸಿಟರ್ ಮೇಲೆ ಸಾಮಾನ್ಯವಾಗಿ 450 ವೋಲ್ಟ್ ಅಂತ ಬರೆದಿರುತ್ತದೆ. ಬೋರ್ಡಿನ ರೇಟು ಕೇಳಿದರೆ ಕಂಪ್ರೆಸರೇ ವಾಸಿ ಅನಿಸುತ್ತದೆ.

ಎರಡನೇ ಅಂಗಡಿಯಲ್ಲಿ "ಮೂರು ನಿಮಿಷ ಡಿಲೇ" ಅಂತ ದಪ್ಪಕ್ಷರದಲ್ಲಿ ಬರೆದ ಡಬ್ಬಿ ಕೊಟ್ಟರು. ಬ್ಯಾಗಿನಲ್ಲಿ ಬಲ್ಬು, ಹೋಲ್ಡರ್ ತಂದಿದ್ದೆ. ಅಂಗಡಿಯ ಪ್ಲಗ್ಗಿಗೇ ಹಾಕಿ ಸ್ವಿಚ್ ಒತ್ತಿದೆ. ಮೂರು ನಿಮಿಷಕ್ಕೆ ಬಲ್ಬು ಹತ್ತಿತು. ಅಂಗಡಿಯವನಿಗೆ ಖುಷಿ. ಆಮೇಲೆ ಸ್ವಿಚ್ ಆಫ್ ಮಾಡಿ, ಎರಡು ಸೆಕೆಂಡಿಗೆ ಆನ್ ಮಾಡಿದೆ. ಬಲ್ಬು ತಕ್ಷಣ ಹತ್ತಿಬಿಟ್ಟಿತು!

ಒಳಗೆ ಒಂದು ಕೆಪಾಸಿಟರ್ ನಿಧಾನಕ್ಕೆ ತುಂಬುವುದನ್ನೇ ಟೈಮರ್ ಮಾಡಿದ್ದಾರೆ. ಕರೆಂಟು ಹೋದಾಗ ಅದನ್ನು ಕೂಡಲೇ ಖಾಲಿ ಮಾಡುವ ದಾರಿ ಇಟ್ಟಿಲ್ಲ. ಉಳಿಸಿದ್ದು ಒಂದೆರಡು ರೂಪಾಯಿಯ ಪಾರ್ಟು. ಕರೆಂಟು ಒಂದು ಗಂಟೆ ಹೋಗಿ ಬಂದರೆ ಡಬ್ಬಿ ಮೂರು ನಿಮಿಷ ಕಾಯುತ್ತದೆ. ಆಗ ಕಾಯುವ ಅಗತ್ಯವೇ ಇಲ್ಲ, ಒತ್ತಡ ಎಂದೋ ಸಮ ಆಗಿರುತ್ತದೆ. ಎರಡು ಸೆಕೆಂಡು ಹೋಗಿ ಬಂದರೆ ಮಾತ್ರ ಕಾಯುವುದಿಲ್ಲ. ಇದಕ್ಕೆ ಐಎಸ್ಐ ಗುರುತು ಬೇರೆ ಇದೆಯಾ ಅಂತ ಡಬ್ಬಿ ತಿರುಗಿಸಿ ತಿರುಗಿಸಿ ನೋಡಿದೆ. ಇರಲಿಲ್ಲ.

ಕೊನೆಗೆ ಸಿಕ್ಕಿದ್ದು ಅಂಕಿ ತೋರಿಸುವ ಒಂದು ಕಟಾಫ್. ಆಫ್ ಆನ್ ಮಾಡಿದಷ್ಟು ಸಲವೂ 180 ಸೆಕೆಂಡಿನಿಂದಲೇ ಎಣಿಕೆ ಶುರು ಮಾಡುತ್ತದೆ. ಅದೂ ಕಟ್ ಮಾಡುತ್ತದೆಯೇ ಹೊರತು ವೋಲ್ಟೇಜ್ ಏರಿಸುವುದಿಲ್ಲ. ಸಂಜೆಯಿಡೀ 160 ಇದ್ದರೆ ಸಂಜೆಯಿಡೀ ಫ್ರಿಜ್ಜು ಬಂದ್. ಅದರ ಮುಂದೆ ಸ್ಟೆಬಿಲೈಸರ್ರೂ ಬೇಕು, ಅದಕ್ಕೆ ಬೇರೆ ದುಡ್ಡು. ಈ ದುಡ್ಡೆಲ್ಲ ಯಾರ ಬಿಲ್ಲಿಗೆ ಹಾಕಬೇಕು ಹೇಳಿ? ಕರೆಂಟ್ ಬಿಲ್ಲು ಕಟ್ಟುವುದು ಒಂದು ದಿನ ತಡವಾದರೆ ಮಾತ್ರ ಬಡ್ಡಿ ಹಾಕಲು ಕರೆಂಟಿನವರು ಮರೆಯುವುದಿಲ್ಲ.

ಅಂದ ಹಾಗೆ ಆ ಎರಡನೇ ಅಂಗಡಿಯವನು ನಾನು ಬೇಡ ಅಂದ ಡಬ್ಬಿಯನ್ನು ಒರೆಸಿ, ಶೆಲ್ಫಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ವಾಪಸ್ ಇಟ್ಟ. "ಎಲ್ರೂ ಹೀಗೆ ಬಲ್ಬ್ ಹಿಡ್ಕೊಂಡು ಬಂದ್ರೆ ನಾವು ವ್ಯಾಪಾರ ಮಾಡಿದ ಹಾಗೇ" ಅಂತ ಗೊಣಗಿದ. ದಯವಿಟ್ಟು ಎಲ್ಲರೂ ಬಲ್ಬ್ ಹಿಡ್ಕೊಂಡೇ ಹೋಗಿ.