ಹೆಬ್ಬೆರಳಿನಿಂದ ಆಂಡ್ರೊಮಿಡಾವರೆಗೆ

ನಾಳಿದ್ದು ಬಿ.ಎಸ್ಸಿ. ಮಕ್ಕಳಿಗೆ ನಕ್ಷತ್ರಗಳ ದೂರದ ಪಾಠ ಇದೆ. ಹೋದ ವರ್ಷ ಶುರುವಿಗೇ ಸೂತ್ರ ಬರೆದುಬಿಟ್ಟಿದ್ದೆ. ಎಲ್ಲರೂ ಲೆಕ್ಕ ಸರಿ ಮಾಡಿದರು, ಅಳೆದದ್ದು ಏನನ್ನು ಅಂತ ಕೇಳಿದರೆ ಮುಖ ಮುಖ ನೋಡಿಕೊಂಡರು. ಈ ಸಲ ಬರೀ ಪ್ರಶ್ನೆಗಳು. ಒಂದು ವಿಧಾನ ಎಲ್ಲಿ ಕೈಕೊಡುತ್ತದೋ ಅಲ್ಲಿಂದಲೇ ಮುಂದಿನ ಪ್ರಶ್ನೆ ಹುಟ್ಟಬೇಕು ಅನ್ನೋದು ನನ್ನ ಹಟ.

ಮೊದಲನೆಯದು ಸುಲಭ. ಕೈ ಚಾಚಿ ಹೆಬ್ಬೆರಳು ಎತ್ತಿ, ಒಂದೊಂದೇ ಕಣ್ಣು ಮುಚ್ಚಿ. ಬೆರಳು ಗೋಡೆಯ ಮೇಲೆ ಅತ್ತಿತ್ತ ಜರುಗುತ್ತೆ. ಮೂಗಿನ ಹತ್ತಿರ ತಂದರೆ ಜರುಗುವುದು ಜಾಸ್ತಿಯೋ ಕಡಿಮೆಯೋ? ಇದೇ ಪ್ಯಾರಲಾಕ್ಸ್. ನಕ್ಷತ್ರಕ್ಕಾದರೆ ಆರು ತಿಂಗಳ ಅಂತರದಲ್ಲಿ ಭೂಮಿ ನಿಂತ ಎರಡು ಜಾಗಗಳೇ ನಮ್ಮ ಎರಡು ಕಣ್ಣು.

ಎರಡನೆಯದರಲ್ಲಿ ಸಣ್ಣ ಕೊಕ್ಕೆ ಇಟ್ಟಿದ್ದೇನೆ. ಸರಿಯಾಗಿ ಒಂದು ವರ್ಷ ಬಿಟ್ಟು ಎರಡು ಫೋಟೊ ತೆಗೆದರೆ? ಭೂಮಿ ಅದೇ ಜಾಗಕ್ಕೆ ಬಂದಿರುತ್ತೆ, ಏನೂ ಜರುಗಲ್ಲ ಅಂತಾರೆ. ಆದರೆ 1838ರಲ್ಲಿ ಖಗೋಳಜ್ಞ ಬೆಸೆಲ್ ದೂರ ಅಳೆದ 61 ಸಿಗ್ನಿ ಎಂಬ ನಕ್ಷತ್ರ ವರ್ಷಕ್ಕೆ ಸುಮಾರು 5 ಆರ್ಕ್‌ಸೆಕೆಂಡ್ ತಾನಾಗಿಯೇ ಸರಿಯುತ್ತದೆ. ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ಅದರ ಪ್ಯಾರಲಾಕ್ಸ್ ಬರೀ 0.29. ಎರಡನ್ನೂ ಬೇರೆ ಮಾಡೋದು ಹೇಗೆ? ಸ್ವಂತ ಚಲನೆ ಒಂದೇ ದಿಕ್ಕಿಗೆ, ಪ್ಯಾರಲಾಕ್ಸ್ ವರ್ಷಕ್ಕೊಮ್ಮೆ ಹೋಗಿ ವಾಪಸ್ ಬರುವ ಓಲಾಟ. ಹಾಗಾಗಿ ಎರಡು ಫೋಟೊ ಸಾಲದು.

ಮೂರನೆಯದು: ಪ್ಯಾರಲಾಕ್ಸ್ 0.002 ಆರ್ಕ್‌ಸೆಕೆಂಡ್ ಬಂತು, ಆದರೆ ಅಳತೆಯಲ್ಲಿ 0.001 ಹೆಚ್ಚುಕಡಿಮೆ ಇರಬಹುದು. ದೂರ ಎಷ್ಟು? ಒಂದನ್ನು ಪ್ಯಾರಲಾಕ್ಸಿನಿಂದ ಭಾಗಿಸಿದರೆ 500 ಪಾರ್ಸೆಕ್. ಒಂದು ಪಾರ್ಸೆಕ್ ಅಂದರೆ ಸುಮಾರು 3.26 ಜ್ಯೋತಿರ್ವರ್ಷ. ನಿಜದಲ್ಲಿ ಅದು 333 ಇರಬಹುದು, 1000ವೂ ಇರಬಹುದು. ಹತ್ತಿರದ ಕಡೆ ಕಡಿಮೆ ತಪ್ಪು, ದೂರದ ಕಡೆ ಬಹಳ ತಪ್ಪು. ಹುಡುಗರು ಇದನ್ನು ಕೈಯಾರೆ ಲೆಕ್ಕ ಹಾಕಿ ಬೇಜಾರಾಗಬೇಕು. ಆಗಲೇ ಬೇರೆ ದಾರಿ ಬೇಕು ಅನ್ನಿಸೋದು ಅಲ್ವಾ?

ಆ ದಾರಿ ಸೀಫಿಡ್ ನಕ್ಷತ್ರಗಳು. ಇವು ಕ್ರಮವಾಗಿ ಬೆಳಗಿ ಮಂಕಾಗುತ್ತವೆ. ಚಿಕ್ಕ ಮೆಗೆಲಾನಿಕ್ ಮೋಡ ಎಂಬ ಪುಟ್ಟ ಗ್ಯಾಲಕ್ಸಿಯ 25 ಸೀಫಿಡ್‌ಗಳನ್ನು ನೋಡಿ, ಹೆಚ್ಚು ಪ್ರಕಾಶದವು ನಿಧಾನವಾಗಿ ಮಿಡಿಯುತ್ತವೆ ಎಂದು 1912ರಲ್ಲಿ ತೋರಿಸಿದವರು ಹೆನ್ರಿಯೆಟ್ಟಾ ಲೆವಿಟ್. ಎಲ್ಲವನ್ನೂ ಒಂದೇ ಮೋಡದಿಂದ ಆರಿಸಿದ್ದರಿಂದ ಏನು ಲಾಭ? ಎಲ್ಲವೂ ಹೆಚ್ಚುಕಡಿಮೆ ಒಂದೇ ದೂರದಲ್ಲಿವೆ, ಹಾಗಾಗಿ ಹೆಚ್ಚು ಬೆಳಗಿ ಕಾಣುವುದು ನಿಜಕ್ಕೂ ಹೆಚ್ಚು ಪ್ರಕಾಶದ್ದೇ. ಈ ಉತ್ತರ ಯಾರಾದರೂ ತಾವಾಗಿ ಹೇಳಿದರೆ ನನಗೆ ಅರ್ಧ ಪಾಠ ಮುಗಿದ ಹಾಗೆ.

ಈಗ ಲೆಕ್ಕ. 900 ಜ್ಯೋತಿರ್ವರ್ಷ ದೂರದಲ್ಲಿ ಒಂದು ಸೀಫಿಡ್. ಅದೇ ಅವಧಿಯಲ್ಲಿ ಮಿಡಿಯುವ, ಅಂದರೆ ನಿಜದಲ್ಲಿ ಅಷ್ಟೇ ಪ್ರಕಾಶದ ಇನ್ನೊಂದು ಹತ್ತು ಲಕ್ಷ ಪಟ್ಟು ಮಂಕಾಗಿ ಕಾಣುತ್ತದೆ. ಬೆಳಕು ಮಂಕಾಗುವುದು ದೂರದ ವರ್ಗದ ಲೆಕ್ಕದಲ್ಲಿ. ಅಂದರೆ ಸಾವಿರ ಪಟ್ಟು ದೂರ, 9 ಲಕ್ಷ ಜ್ಯೋತಿರ್ವರ್ಷ. ನಮ್ಮ ನೆರೆಯ ಗ್ಯಾಲಕ್ಸಿ ಆಂಡ್ರೊಮಿಡಾಕ್ಕೆ ಖಗೋಳಜ್ಞ ಹಬಲ್ ಹೇಳಿದ್ದೂ ಇದರ ಆಸುಪಾಸಿನ ಅಂಕಿಯನ್ನೇ. ಇವತ್ತಿನ ಅಂಕಿ ಸುಮಾರು 25 ಲಕ್ಷ.

ಕೊನೆಯ ಪ್ರಶ್ನೆ ಅಲ್ಲಿಂದಲೇ. ಸೀಫಿಡ್‌ಗಳಲ್ಲಿ ಎರಡು ಬಗೆ ಇವೆ, ಒಂದೇ ಅವಧಿಯಿದ್ದರೂ ಒಂದು ಬಗೆ ಇನ್ನೊಂದಕ್ಕಿಂತ ಸುಮಾರು ನಾಲ್ಕು ಪಟ್ಟು ಪ್ರಕಾಶಮಾನ ಎಂದು 1952ರಲ್ಲಿ ವಾಲ್ಟರ್ ಬಾಡೆ ತಿಳಿಸಿದರು. ಹಾಗಾದರೆ ಆಂಡ್ರೊಮಿಡಾದ ದೂರ ಎಷ್ಟು ಪಟ್ಟು ಬದಲಾಗಬೇಕು? ನಾಲ್ಕು ಅಂತ ಕೂಗುವವರು ಇದ್ದೇ ಇರ್ತಾರೆ. ಅವರಿಗೆ ಚಾಕ್‌ಪೀಸ್ ಕೊಟ್ಟು ಬೋರ್ಡಿಗೆ ಕರೀತೀನಿ.