ಕೂಲರ್ ಮಾರಿದವರು ಯಾರು? ಉತ್ತರ ಬಿಲ್ಲಿನ 15 ಅಕ್ಷರಗಳಲ್ಲಿತ್ತು

ನಮ್ಮ ಕಾಕಿ ಶಹಾಬಜಾರಿನಲ್ಲಿ ಇರುತ್ತಾರೆ. ಅವರ ಮಗ ಪುಣೆಯಲ್ಲಿದ್ದಾನೆ. ಏಪ್ರಿಲ್ ಮೊದಲ ವಾರ ಮೊಬೈಲಿನಲ್ಲೇ ಅವ್ವನಿಗೆ ಒಂದು ಕೂಲರ್ ತರಿಸಿಕೊಟ್ಟ, 7,490 ರೂಪಾಯಿ. ಹತ್ತೊಂಬತ್ತನೇ ದಿನ ಅದರ ನೀರಿನ ಪಂಪ್ ನಿಂತುಹೋಯಿತು. ಫ್ಯಾನ್ ತಿರುಗುತ್ತಿತ್ತು, ಆದರೆ ಹುಲ್ಲಿನ ಪ್ಯಾಡ್ ಒಣಗಿ ಕೂತಿತ್ತು. ಕಲಬುರಗಿಯ ಏಪ್ರಿಲ್ ಮಧ್ಯಾಹ್ನ ಅಂಥ ಕೂಲರ್ ಬರೀ ಬಿಸಿ ಗಾಳಿ ಊದುತ್ತದೆ.

ಆ್ಯಪಿನಲ್ಲಿ ಕೇಳಿದರೆ, ವಾಪಸ್ ಕೊಡುವ 7 ದಿನ ಮುಗಿದಿದೆ, ಕಂಪನಿಗೆ ಕೇಳಿ ಅಂದರು. ಡಬ್ಬಿಯ ಮೇಲಿದ್ದ ಕಂಪನಿಗೆ ಫೋನ್ ಮಾಡಿದರೆ, ಬಿಲ್ ಕೊಟ್ಟವರನ್ನು ಕೇಳಿ ಅಂದರು. ಕಾಕಿ ನನಗೆ ಫೋನ್ ಮಾಡಿ ಒಂದೇ ಮಾತು ಕೇಳಿದರು. “ತಮ್ಮಾ, ಇದು ಮಾರಿದಾಂವ ಯಾರು? ಅಂಗಡಿ ಇದ್ದಿದ್ರ ಹೋಗಿ ಬಾಗಿಲದಾಗ ಕೂಡ್ತಿದ್ದೆ. ಇವನಿಗಿ ಎಲ್ಲಿ ಹುಡುಕಬೇಕು?”

ಇದನ್ನು ಇಲ್ಲಿ ಬರೆಯುತ್ತಿರುವುದು ಆ ಪ್ರಶ್ನೆಗಾಗಿ. ನಾನು ಸೂಪರ್ ಮಾರ್ಕೆಟ್ ಹತ್ತಿರ ಒಬ್ಬ ತೆರಿಗೆ ಸಲಹೆಗಾರರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಗಂಜಿನ ತೊಗರಿ ವ್ಯಾಪಾರಿಗಳ, ದಾಲ್ ಮಿಲ್ಲಿನವರ ಜಿಎಸ್‌ಟಿ ರಿಟರ್ನ್ ಹಾಕುವುದು ದಿನದ ಕೆಲಸ. ಗಂಜಿನಲ್ಲಿ ಅಂಗಡಿ ಬೋರ್ಡಿನ ಮೇಲೆ ಮುತ್ತಜ್ಜನ ಹೆಸರಿರುತ್ತದೆ, ಲೈಸೆನ್ಸ್ ಮೊಮ್ಮಗನ ಹೆಸರಿನಲ್ಲಿರುತ್ತದೆ. ಆನ್‌ಲೈನಿನಲ್ಲೂ ಹಾಗೇ. ನಮಗೆ ಕಾಣುವುದು ಬೋರ್ಡು. ದುಡ್ಡು ಪಡೆದವರ ಹೆಸರು ಬೇರೆ ಇರುತ್ತದೆ.

ಮೊದಲು ಡಬ್ಬಿ ನೋಡಿದೆ. ಅದರ ಮೇಲೆ ಎರಡು ಹೆಸರಿದ್ದವು. ಒಂದು ತಯಾರಿಸಿದವರದು, ಇನ್ನೊಂದು ಬ್ರ್ಯಾಂಡ್ ಹಾಕಿ ಮಾರುಕಟ್ಟೆಗೆ ಬಿಟ್ಟವರದು. ಪ್ಯಾಕ್ ಮಾಡಿದ ಸಾಮಾನಿನ ಮೇಲೆ ತಯಾರಿಸಿದವರ ಹೆಸರು ಇರಲೇಬೇಕು ಅಂತ ಕಾನೂನು ಇದೆ, ಆದರೆ ಈ ಇಬ್ಬರೂ ಕಾಕಿಗೆ ಕೂಲರ್ ಮಾರಿದವರಲ್ಲ. ಮಾರಿದವರ ಹೆಸರು ಆ್ಯಪಿನಲ್ಲಿ Sold by ಅನ್ನುವ ಸಾಲಿನ ಮುಂದೆ ಇತ್ತು. ಅದೂ ಬರೀ ಅಂಗಡಿಗೆ ಇಟ್ಟ ಹೆಸರು, R ಅಕ್ಷರದಿಂದ ಶುರುವಾಗುವ ಎರಡು ಇಂಗ್ಲಿಷ್ ಪದ. ಅದರ ಮೇಲೆ ಒತ್ತಿದರೆ ಒಂದು ವಿಳಾಸ ಬಂತು. ಬೆಂಗಳೂರಿನ ಹೊರವಲಯ, ಸರ್ವೆ ನಂಬರ್, ಗೋದಾಮು.

ಕಾಕಿಯ ಅಳಿಯ ಬೆಂಗಳೂರಿನಲ್ಲೇ ಇದ್ದಾರೆ. ಒಂದು ಭಾನುವಾರ ಪಾಪ ಅಲ್ಲಿಯವರೆಗೂ ಹೋಗಿ ಬಂದರು. ಗೇಟಿನ ಸೆಕ್ಯೂರಿಟಿಯವರು ಆ ಹೆಸರಿನ ಆಫೀಸು ಇಲ್ಲಿ ಇಲ್ಲ ಅಂದರಂತೆ. ಅವರು ಸುಳ್ಳು ಹೇಳಲಿಲ್ಲ. ಅದು ಆ ಮಾರಾಟ ತಾಣದ್ದೇ ಗೋದಾಮು. ಹೊರರಾಜ್ಯದ ವ್ಯಾಪಾರಿ ತನ್ನ ಮಾಲನ್ನು ಕರ್ನಾಟಕದ ಗೋದಾಮಿನಲ್ಲಿಟ್ಟು ಇಲ್ಲಿಂದಲೇ ಕಳಿಸಬೇಕೆಂದರೆ ಕರ್ನಾಟಕದಲ್ಲೂ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಇಲ್ಲಿ ಬೇರೆ ಜಾಗ ಇಲ್ಲದವರು ಆ ಗೋದಾಮಿನ ವಿಳಾಸವನ್ನೇ ಕೊಡುತ್ತಾರೆ. ಒಂದೇ ಗೋದಾಮಿನ ವಿಳಾಸದ ಮೇಲೆ ಎಷ್ಟೋ ವ್ಯಾಪಾರಿಗಳು ಇರುತ್ತಾರೆ. ವಿಳಾಸ ಖರೇನೇ, ಆದರೆ ಆ ಮನುಷ್ಯರು ಅಲ್ಲಿಲ್ಲ.

ಹಾಗಾದರೆ ಅವರು ಎಲ್ಲಿ? ಅದಕ್ಕೆ ಬಿಲ್ ಬೇಕು. ಆರ್ಡರ್ ಪುಟದಲ್ಲಿ Invoice ಅಂತ ಇರುತ್ತದೆ, ಒತ್ತಿದರೆ ಪಿಡಿಎಫ್ ಇಳಿಯುತ್ತದೆ. ಒಂದೇ ಆರ್ಡರಿನಲ್ಲಿ ಮೂರು ಸಾಮಾನು ತರಿಸಿದ್ದರೆ ಮಾರಿದವರೂ ಮೂವರಿರಬಹುದು, ಆಗ ಬಿಲ್ಲೂ ಮೂರು. ನಮಗೆ ಬೇಕಾದ ಸಾಮಾನಿನ ಬಿಲ್ಲನ್ನೇ ತೆಗೆಯಬೇಕು. ಸಾಮಾನಿನ ಪುಟವನ್ನು ಆಮೇಲೆ ತೆಗೆದು ನೋಡಿದರೆ ಪ್ರಯೋಜನ ಇಲ್ಲ. ಅದೇ ಕೂಲರನ್ನು ನಾಲ್ಕು ಜನ ಮಾರುತ್ತಿರುತ್ತಾರೆ, ಇವತ್ತು ಮೇಲೆ ಕಾಣುವ ಹೆಸರು ನಾಳೆ ಬದಲಾಗಿರುತ್ತದೆ.

ಕಾಕಿಯ ಬಿಲ್ಲಿನಲ್ಲಿ ಮಾರಿದವರ ಹೆಸರಿನ ಕೆಳಗೆ ಜಿಎಸ್‌ಟಿ ನಂಬರ್ ಇತ್ತು. ಅದು ಯಾವಾಗಲೂ 15 ಅಕ್ಷರ. ಅವರ ನಿಜವಾದ ನಂಬರ್ ಇಲ್ಲಿ ಹಾಕುವುದಿಲ್ಲ, ಅಕ್ಷರ ಬದಲಿಸಿ ಅಂಕಿ ಮುಚ್ಚಿ ತೋರಿಸುತ್ತೇನೆ:

```
29 ABCFS####Q 1Z#
```

ಮೊದಲ ಎರಡು ಅಂಕಿ ರಾಜ್ಯ. 29 ಅಂದರೆ ಕರ್ನಾಟಕ. ಮಹಾರಾಷ್ಟ್ರಕ್ಕೆ 27, ತೆಲಂಗಾಣಕ್ಕೆ 36, ದೆಹಲಿಗೆ 07. ಆಮೇಲಿನ ಹತ್ತು ಅಕ್ಷರ ಆ ವ್ಯಾಪಾರದ ಪ್ಯಾನ್ ನಂಬರ್. ನಮಗೆ ಬೇಕಾದ ವಿಷಯವೆಲ್ಲ ಈ ಹತ್ತರಲ್ಲೇ ಇದೆ. ಪ್ಯಾನಿನ ನಾಲ್ಕನೇ ಅಕ್ಷರ ಅದು ಯಾರ ಪ್ಯಾನ್ ಅಂತ ಹೇಳುತ್ತದೆ. P ಇದ್ದರೆ ಒಬ್ಬ ವ್ಯಕ್ತಿ, C ಇದ್ದರೆ ಕಂಪನಿ, F ಇದ್ದರೆ ಪಾಲುದಾರಿಕೆ ಸಂಸ್ಥೆ. ಐದನೇ ಅಕ್ಷರ ಸಂಸ್ಥೆಯ ಹೆಸರಿನ ಮೊದಲ ಅಕ್ಷರ. ವ್ಯಕ್ತಿಯಾದರೆ ಅವರ ಅಡ್ಡಹೆಸರಿನದು.

ಇಲ್ಲಿ F, ಆಮೇಲೆ S. ಅಂದರೆ ಇದು ಪಾಲುದಾರಿಕೆ ಸಂಸ್ಥೆ, ಅದರ ಹೆಸರು S ಅಕ್ಷರದಿಂದ ಶುರು. ಆ್ಯಪಿನಲ್ಲಿದ್ದ ಹೆಸರು R ಅಕ್ಷರದ್ದು. ಬೋರ್ಡು ಬೇರೆ, ಮಾಲೀಕರ ಹೆಸರು ಬೇರೆ ಅನ್ನುವುದು ಇಷ್ಟು ನೋಡಿದಾಗಲೇ ಗೊತ್ತಾಯಿತು.

ನಂಬರ್ ಬರೆದುಕೊಳ್ಳುವಾಗ ಸೊನ್ನೆ ಮತ್ತು O ಅಕ್ಷರ ಅದಲು ಬದಲಾಗುತ್ತವೆ. ನಮ್ಮ ಆಫೀಸಿನಲ್ಲೂ ಹೊಸಬರು ಇಲ್ಲೇ ತಪ್ಪುತ್ತಾರೆ. ಪ್ಯಾನಿನಲ್ಲಿ ಮೊದಲ ಐದು ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೆ ಒಂದು ಅಕ್ಷರ. ಇಷ್ಟು ನೆನಪಿದ್ದರೆ ಯಾವುದು ಸೊನ್ನೆ ಅನ್ನುವುದು ಜಾಗ ನೋಡಿಯೇ ತಿಳಿಯುತ್ತದೆ.

ನಂತರ `gst.gov.in` ತೆಗೆದು, Search Taxpayer ಅನ್ನುವಲ್ಲಿ Search by GSTIN/UIN ಆರಿಸಿ ನಂಬರ್ ಹಾಕಿದೆ. ಲಾಗಿನ್ ಬೇಡ, ದುಡ್ಡು ಬೇಡ. ಚಿತ್ರದಲ್ಲಿರುವ ಅಂಕಿ ನೋಡಿ ಹಾಕಿದರೆ ಸಾಕು. Trade Name ಮುಂದೆ ಆ R ಹೆಸರು ಬಂತು. Legal Name of Business ಮುಂದೆ S ಹೆಸರು ಬಂತು. ಕಾಕಿಗೆ ಕೂಲರ್ ಮಾರಿದವರು ಇವರು. ವಿಳಾಸ ಮಾತ್ರ ಮತ್ತೆ ಅದೇ ಗೋದಾಮು. Nature of Business Activities ಮುಂದೆ ಬರೀ ಗೋದಾಮು ಅಂತ ಇತ್ತು.

ಜಾಸ್ತಿ ಜನ ಇಲ್ಲಿಗೆ ಬಿಟ್ಟುಬಿಡುತ್ತಾರೆ. ಅದೇ ಪಟ್ಟಿಯಲ್ಲಿ Search by PAN ಅಂತ ಇನ್ನೊಂದಿದೆ. ಜಿಎಸ್‌ಟಿ ನಂಬರಿನ ಮಧ್ಯದ ಆ ಹತ್ತು ಅಕ್ಷರ ಅಲ್ಲಿ ಹಾಕಬೇಕು. ಒಂದೇ ಪ್ಯಾನಿನ ಮೇಲೆ ಯಾವ ಯಾವ ರಾಜ್ಯದಲ್ಲಿ ನೋಂದಣಿ ಇದೆಯೋ ಎಲ್ಲ ಸಾಲಾಗಿ ಬರುತ್ತದೆ. ಇವರದು ಐದು ಬಂತು: ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣ, ಹರಿಯಾಣ, ದೆಹಲಿ. ಒಂದೊಂದನ್ನೇ ತೆಗೆದು ನೋಡಿದೆ. ನಾಲ್ಕು ನೋಂದಣಿ 2021ರ ನಂತರದವು, ನಾಲ್ಕೂ ಗೋದಾಮು. ದೆಹಲಿಯದು ಮಾತ್ರ 2017ರ ಜುಲೈ 1ರಿಂದ ಇತ್ತು, ಅಂದರೆ ಜಿಎಸ್‌ಟಿ ಬಂದ ದಿನದಿಂದ. ಅದರ ಮುಂದೆ ಚಿಲ್ಲರೆ ವ್ಯಾಪಾರ, ಸಗಟು ವ್ಯಾಪಾರ, ಆಫೀಸು ಅಂತ ಬರೆದಿತ್ತು. ವಿಳಾಸ ಒಂದು ಪೇಟೆಯ ಓಣಿ, ಅಂಗಡಿ ನಂಬರ್, ಮೊದಲ ಮಹಡಿ.

ನಾನು ಅಲ್ಲೇ ಅಂದುಕೊಂಡೆ, ಇವರ ಮೂಲ ಅಂಗಡಿ ಇದೇ. ಹಳೆಯ ನೋಂದಣಿಯೇ ಮೂಲ ಅಂತ ಯಾವ ನಿಯಮವೂ ಹೇಳುವುದಿಲ್ಲ. ಆದರೆ ತಾರೀಖು, ವ್ಯಾಪಾರದ ವಿವರ, ವಿಳಾಸದ ಸ್ವರೂಪ ಮೂರೂ ಒಂದೇ ಕಡೆ ತೋರಿಸಿದರೆ ಕಾಗದ ಕಳಿಸುವುದಕ್ಕೆ ಅಷ್ಟು ಸಾಕು.

ಹೀಗೆ ನೋಡುವಾಗ ಒಂದು ಸಾಲಿನ ಮೇಲೆ ಕಣ್ಣಿಡಿ. GSTIN Status ಮುಂದೆ Active ಇರಬೇಕು. Cancelled ಅಂತ ಇದ್ದು, ರದ್ದಾದ ತಾರೀಖು ನಮ್ಮ ಬಿಲ್ಲಿಗಿಂತ ಹಿಂದಿನದಾಗಿದ್ದರೆ ಆ ಬಿಲ್ಲಿನಲ್ಲೇ ಏನೋ ತಪ್ಪಿದೆ. ಆ ಪುಟದ ಚಿತ್ರವನ್ನು ತಾರೀಖು ಕಾಣುವಂತೆ ತೆಗೆದಿಟ್ಟುಕೊಳ್ಳಿ.

ಈ ದಾರಿ ಎಲ್ಲ ಕಡೆ ನಡೆಯುವುದಿಲ್ಲ. 2023ರ ಅಕ್ಟೋಬರ್ 1ರಿಂದ, ತಮ್ಮ ರಾಜ್ಯದೊಳಗೇ ಮಾರುವ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನಂಬರ್ ಇಲ್ಲದೆಯೂ ಆನ್‌ಲೈನ್ ಮಾರಾಟಕ್ಕೆ ಅವಕಾಶ ಇದೆ. ಅವರ ಬಿಲ್ಲಿನಲ್ಲಿ ಈ ನಂಬರ್ ಸಿಗುವುದಿಲ್ಲ. ಇನ್ನು, ನಂಬರ್ ಇದ್ದರೂ ಆ ಪುಟದಲ್ಲಿ ಮಾರಿದವರ ಫೋನ್ ನಂಬರ್ ಬರುವುದಿಲ್ಲ. ಆಗ ಹೆಸರು ಹಾಕಿ ಗೂಗಲ್‌ನಲ್ಲಿ ಹುಡುಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಒಂದೇ ಥರದ ಹೆಸರಿನ ಸಂಸ್ಥೆಗಳು ಬಹಳ. ಅದಕ್ಕಿಂತ ಕೆಟ್ಟದ್ದು, ಕಸ್ಟಮರ್ ಕೇರ್ ಅಂತ ಅಲ್ಲಿ ಹಾಕಿರುವ ಮೋಸದ ನಂಬರ್‌ಗಳು. ಕಾಕಿಯ ಪಕ್ಕದ ಮನೆಯವರು ಹಾಗೆ ಫೋನ್ ಮಾಡಿದಾಗ, ಆ ಕಡೆಯವರು ಮೊಬೈಲಿನ ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಿ ಅಂದಿದ್ದರು. ಪುಣ್ಯಕ್ಕೆ ಇವರು ಫೋನ್ ಇಟ್ಟುಬಿಟ್ಟರು.

ಫೋನ್, ಇಮೇಲ್ ಬೇಕೆಂದರೆ ಮಾರಾಟ ತಾಣವನ್ನೇ ಬರೆದು ಕೇಳಬೇಕು. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳಲ್ಲಿ 5ನೆಯದು ಇದೇ ವಿಷಯ. ಮಾರುವವರ ವ್ಯಾಪಾರದ ಹೆಸರು, ವಿಳಾಸ, ಗ್ರಾಹಕ ಸೇವೆಯ ನಂಬರ್ ಎಲ್ಲರಿಗೂ ಸ್ಪಷ್ಟವಾಗಿ, ಎದ್ದು ಕಾಣುವಂತೆ ತೋರಿಸಬೇಕು ಅಂತಿದೆ. ಕೊಂಡವರು ಬರೆದು ಕೇಳಿದರೆ ಮಾರಿದವರ ಮುಖ್ಯ ಕಚೇರಿ ಮತ್ತು ಶಾಖೆಗಳ ವಿಳಾಸ, ಇಮೇಲ್ ಕೊಡಬೇಕು ಅಂತಲೂ ಇದೆ. ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು.

ನನ್ನ ಸಿಟ್ಟು ಇರುವುದು ಇಲ್ಲೇ. ನಿಯಮ ಮುಖ್ಯ ಕಚೇರಿ ಅನ್ನುತ್ತದೆ, ಪರದೆಯ ಮೇಲೆ ಗೋದಾಮು ಬರುತ್ತದೆ. ಆ S ಹೆಸರು, ಆ ದೆಹಲಿ ವಿಳಾಸ ತಾಣದವರ ಬಳಿ ಇರುತ್ತವೆ. ಅಲ್ಲಿ ಮಾರುವ ವ್ಯಾಪಾರಿ ಅವನ್ನು ತಾಣಕ್ಕೆ ಕೊಡಬೇಕು ಅಂತ ಅದೇ ನಿಯಮಗಳಲ್ಲಿದೆ. ಬೆಲೆಯ ಕೆಳಗೆ ಒಂದು ಸಾಲು ಹಾಕಿದ್ದರೆ ಅಳಿಯ ಗೋದಾಮಿನ ಗೇಟಿನವರೆಗೆ ಹೋಗಬೇಕಿರಲಿಲ್ಲ. ಜಿಎಸ್‌ಟಿ ನಂಬರ್ ಓದಲು ಬರುವ ಭಾವನ ಮಗ ಎಲ್ಲರಿಗೂ ಇರುತ್ತಾನಾ?

ಕಾಕಿಯ ಹೆಸರಿನಲ್ಲಿ ಒಂದು ಪುಟದ ಕಾಗದ ಬರೆದೆ. ಮೇಲೆ S ಹೆಸರು, ಅದರ ಕೆಳಗೆ “ಈ ಹೆಸರಿನಲ್ಲಿ ವ್ಯಾಪಾರ ಮಾಡುವವರು” ಅಂತ R ಹೆಸರು, ಆಮೇಲೆ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಖು. ಪಂಪ್ ನಿಂತ ದಿನ, ತಾಣದವರೂ ಕಂಪನಿಯವರೂ ಒಬ್ಬರ ಮೇಲೊಬ್ಬರು ಹಾಕಿದ್ದು, ಪಂಪ್ ಬದಲಿಸಿ ಕೊಡಿ ಅನ್ನುವ ಬೇಡಿಕೆ. 15 ದಿನದಲ್ಲಿ ಆಗದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ ಅಂತಲೂ ಬರೆದೆ. 2019ರ ಕಾಯ್ದೆಯ ಪ್ರಕಾರ ಕೊಂಡವರು ಇರುವ ಊರಲ್ಲೇ ದೂರು ಕೊಡಬಹುದು, ದೆಹಲಿಗೆ ಹೋಗಬೇಕಿಲ್ಲ. ಆದರೆ ಎದುರುದಾರರ ಹೆಸರು, ವಿಳಾಸ ಸರಿ ಇರಬೇಕು, ಇಲ್ಲದಿದ್ದರೆ ನೋಟಿಸ್ ಹಾಗೇ ವಾಪಸ್ ಬರುತ್ತದೆ. ಕಾಗದವನ್ನು ದೆಹಲಿಗೆ ಸ್ಪೀಡ್ ಪೋಸ್ಟ್ ಮಾಡಿ, ಪ್ರತಿಯನ್ನು ತಾಣದ ಕುಂದುಕೊರತೆ ಅಧಿಕಾರಿಗೆ ಇಮೇಲ್ ಕಳಿಸಿದೆ.

ಒಂಬತ್ತನೇ ದಿನ ದೆಹಲಿಯಿಂದ ಕಾಕಿಗೆ ಫೋನ್ ಬಂತು. ಮಾತೆಲ್ಲ ಹಿಂದಿಯಲ್ಲಿ. ನಮ್ಮ ಕಾಕಿಗೆ ದಖನಿ ಚೆನ್ನಾಗಿ ಬರುತ್ತದೆ, ಕೂಲರಿನ ಕಥೆ ಪೂರ್ತಿ ಹೇಳಿದರು. ಮುಂದಿನ ವಾರ ಅಂಗೈಯಗಲದ ಡಬ್ಬಿಯಲ್ಲಿ ಹೊಸ ಪಂಪ್ ಬಂತು. ಕಳಿಸಿದವರ ಜಾಗದಲ್ಲಿ S ಹೆಸರು ಇತ್ತು, ಅಂಗಡಿ ನಂಬರ್, ಮೊದಲ ಮಹಡಿ. ಕಾಕಿ ಆ ಚೀಟಿಯನ್ನು ಹರಿದು ತೆಗೆದು ಬಿಲ್ಲಿನ ಹಿಂದೆ ಪಿನ್ ಮಾಡಿ ಇಟ್ಟಿದ್ದಾರೆ.