ಮಹಡಿ ಎಬ್ಬಿಸುವ ಮುಂಚೆ ಒಂದು ಗುಂಡಿ ತೋಡಿ

ದಾವಣಗೆರೆಯ ನಮ್ಮ ಚಿಕ್ಕಪ್ಪ 1986ರಲ್ಲಿ ಕಟ್ಟಿಸಿದ ಮನೆ. ಮೂವತ್ತು-ನಲವತ್ತರ ಸೈಟು, ಸೈಜುಗಲ್ಲಿನ ಪಾಯ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ ತಾರಸಿ. ಮಗನ ಮದುವೆ ಗೊತ್ತಾದ ಮೇಲೆ ಮೇಲೊಂದು ಮಹಡಿ ಬೇಕೆಂದಾಯಿತು. ನನ್ನನ್ನು ಕರೆಸುವ ಹೊತ್ತಿಗೆ ನಕ್ಷೆ ಮುಗಿದಿತ್ತು, ಮುಂಭಾಗದ ಎಲಿವೇಶನ್ನಿನ ಬಣ್ಣದ ಚಿತ್ರವೂ ಬಂದಿತ್ತು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೇನೆ, ಬಹುತೇಕ ಮನೆಗಳಲ್ಲಿ ಇದೇ ಕಥೆ. ಕೊನೆಗೆ ಕೇಳಬೇಕಾದವರನ್ನೂ ಒಂದು ಮಾತು ಕೇಳೋಣ ಅಂತ ಎಂಜಿನಿಯರ್‌ಗೆ ಫೋನ್ ಬರುತ್ತೆ.

"ಪಾಯ ಎಷ್ಟಿದೆ ಚಿಕ್ಕಪ್ಪ?" ಅಂದೆ.

"ಐದಡಿ ಕಣಪ್ಪ. ನಾನೇ ನಿಂತು ಹಾಕಿಸಿದ್ದು. ಆಗಿನ ಕಾಲದ ಕೆಲಸ, ಇನ್ನೆರಡು ಅಂತಸ್ತು ತಡೀತದೆ."

ಮೇಸ್ತ್ರಿಯೂ ತಲೆಯಾಡಿಸಿದ. ನಾನು ಅಂದೆ, ಇರಲಿ, ಎರಡು ಕಡೆ ಗುಂಡಿ ತೋಡೋಣ. ಚಿಕ್ಕಪ್ಪನಿಗೆ ಸಿಟ್ಟೇ ಬಂತು. ಹೊರಗಡೆಯಾದರೆ ಆಗಲಿ, ನಡುಮನೆಯ ಒಳಗೆ ಮೊಸಾಯಿಕ್ ಕಿತ್ತು ಗುಂಡಿ ತೋಡೋದಾ? ಆದರೆ ಒಳಗೇ ತೋಡಬೇಕಿತ್ತು. ಆ ಮನೆಯಲ್ಲಿ ಹೆಚ್ಚು ಭಾರ ಹೊರುವುದು ಹೊರಗೋಡೆಯಲ್ಲ, ನಡುಗೋಡೆ. ಅದರ ಎರಡೂ ಬದಿಗೆ ಹನ್ನೆರಡಡಿ ಅಗಲದ ಕೋಣೆಗಳಿವೆ, ಎರಡೂ ಕಡೆಯ ತಾರಸಿಯ ಅರ್ಧರ್ಧ ಭಾರ ಅದರ ತಲೆಯ ಮೇಲೆ ಬರುತ್ತೆ. ಹೊರಗೋಡೆಗೆ ಒಂದೇ ಕಡೆಯದ್ದು.

ಗುಂಡಿ ಅಂದರೆ ದೊಡ್ಡದೇನಲ್ಲ. ಗೋಡೆಗೆ ಅಂಟಿಕೊಂಡಂತೆ ಮೂರಡಿ ಉದ್ದ, ಆಳು ಕೂತು ಕೆಲಸ ಮಾಡುವಷ್ಟು ಅಗಲ. ಪಾಯದ ತಳ ಕಂಡ ತಕ್ಷಣ ಹಾರೆ ನಿಲ್ಲಿಸಬೇಕು, ತಳದ ಕೆಳಗಿನ ಮಣ್ಣನ್ನು ಕೆದಕಲೇಬಾರದು. ಗೋಡೆಯುದ್ದಕ್ಕೂ ಕಾಲುವೆ ತೆಗೆಯುವುದಂತೂ ಆತ್ಮಹತ್ಯೆ. ಮಳೆಗಾಲ ಬೇಡ. ನೋಡಿ, ಅಳೆದು, ಅದೇ ದಿನ ಪದರ ಪದರವಾಗಿ ಮಣ್ಣು ತುಂಬಿ ದಮ್ಮಸ್ಸು ಹೊಡೆಯಬೇಕು.

ಹೊರಗಿನ ಗುಂಡಿಯಲ್ಲಿ ಪಾಯ ಮೂರಡಿ ಎರಡಿಂಚು ಆಳಕ್ಕೆ ಮುಗಿಯಿತು, ಅಗಲ ಎರಡೂವರೆ ಅಡಿ. ಐದಡಿ ಅಲ್ಲದಿದ್ದರೂ ಪರವಾಗಿಲ್ಲ. ಒಳಗಿನದು ನೋಡಿ ನಾನೇ ಸುಮ್ಮನಾದೆ. ಆಳ ಎರಡೂವರೆ ಅಡಿ, ತಳದ ಅಗಲ ಬರೀ ಎರಡಡಿ. ಒಳಗೋಡೆಗೆ ಪಾಯ ಕಮ್ಮಿ ಸಾಕು ಅನ್ನೋದು ಆಗಿನ ಮೇಸ್ತ್ರಿಗಳ ಲೆಕ್ಕ, ಒಂದು ಅಂತಸ್ತಿಗೆ ಅದು ನಡೆದೂ ಹೋಗುತ್ತೆ. ಕಲ್ಲಿನ ಸಂದಿಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಸಿಮೆಂಟ್ ಗಾರೆ ಗಟ್ಟಿಯಾಗೇ ಇತ್ತು, ಅದೊಂದು ಸಮಾಧಾನ. ಎಷ್ಟೋ ಹಳೆ ಮನೆಗಳಲ್ಲಿ ಮೇಲೆ ಮಾತ್ರ ಸಿಮೆಂಟ್ ಪಾಯಿಂಟಿಂಗ್ ಇದ್ದು ಒಳಗೆ ಬರೀ ಮಣ್ಣಿರುತ್ತೆ, ಚುಚ್ಚಿದರೆ ಹಿಡಿಕೆಯವರೆಗೂ ಇಳಿಯುತ್ತೆ. ಪಾಯ ಕೂತಿದ್ದ ನೆಲ ಗರಸು ಬೆರೆತ ಎರೆಮಣ್ಣು. ಮಾದರಿ ತೆಗೆಸಿ ಪರೀಕ್ಷೆಗೆ ಕಳಿಸಿದೆವು. ಚದರ ಮೀಟರಿಗೆ 10 ಟನ್‌ವರೆಗೆ ಹೊರಿಸಬಹುದು ಅಂತ ಬಂತು.

ಈಗ ಲೆಕ್ಕ. ಕಷ್ಟದ್ದಲ್ಲ, ನೀವೂ ಮಾಡಬಹುದು. ನಡುಗೋಡೆಯ ಒಂದು ಮೀಟರ್ ಉದ್ದ ತಗೊಳ್ಳಿ. ಒಂಬತ್ತು ಇಂಚಿನ, ಹತ್ತಡಿ ಎತ್ತರದ ಇಟ್ಟಿಗೆ ಗೋಡೆ ಸುಮಾರು 1.4 ಟನ್. ಅದರ ಮೇಲೆ ಬರುವ ತಾರಸಿ, ಸುರ್ಕಿ, ಓಡಾಡುವ ಜನ-ಸಾಮಾನು ಎಲ್ಲ ಸೇರಿ 2.2 ಟನ್. ಪಾಯದ ಕಲ್ಲಿನದೇ ತೂಕ 1.2. ಒಟ್ಟು 4.8 ಟನ್, ಎರಡಡಿ ಅಂದರೆ 0.6 ಮೀಟರ್ ಅಗಲದಲ್ಲಿ ಹರಡಿಕೊಂಡರೆ ಚದರ ಮೀಟರಿಗೆ 8 ಟನ್. ನೆಲ ತಡೆಯೋದು 10. ಮನೆ ಇಷ್ಟು ವರ್ಷ ಬಿರುಕಿಲ್ಲದೆ ನಿಂತಿದ್ದು ಇದಕ್ಕೇ. ಅದೇ ತರದ ಇನ್ನೊಂದು ಅಂತಸ್ತು ಏರಿಸಿದರೆ ಮತ್ತೆ 3.6 ಟನ್. ಆಗ 8.4 ಟನ್, ಚದರ ಮೀಟರಿಗೆ 14.

ಹದಿನಾಲ್ಕಾದ ತಕ್ಷಣ ಮನೆ ಬೀಳುತ್ತಾ? ಇಲ್ಲ. ಹತ್ತು ಅನ್ನುವಾಗಲೇ ಅದರಲ್ಲಿ ಸುರಕ್ಷತೆಯ ಅಂತರ ಸೇರಿರುತ್ತೆ. ಆಗೋದು ಏನೆಂದರೆ ನಡುಗೋಡೆ ಹೊರಗೋಡೆಗಿಂತ ಹೆಚ್ಚು ಕುಸಿಯುತ್ತೆ. ಬಾಗಿಲು ಚೌಕಟ್ಟಿಗೆ ಹಿಡಿಯುತ್ತೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತೆ. ಎರೆನೆಲದಲ್ಲಿ ಇನ್ನೊಂದು ಕಾಟ: ಬೇಸಿಗೆಗೆ ಮಣ್ಣು ಸೆಳೆದುಕೊಂಡು ಬಿರುಕು ಬಾಯಿ ಬಿಡುತ್ತೆ, ಮಳೆಗೆ ಉಬ್ಬಿ ಮುಚ್ಚುತ್ತೆ, ಜನ ಸರಿಹೋಯಿತು ಅಂದುಕೊಂಡು ಬಣ್ಣ ಹೊಡೆಸುತ್ತಾರೆ. ನಿಮ್ಮ ಮನೆಯಲ್ಲಿ ಈಗಾಗಲೇ ಅಂಥ ಬಿರುಕಿದ್ದರೆ ಅದರ ಮೇಲೆ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಕು ಬರೆದಿಡಿ. ಒಂದು ಮಳೆ, ಒಂದು ಬೇಸಿಗೆ ಕಳೆಯಲಿ. ಗಾಜು ಒಡೆದಿದ್ದರೆ ಗೋಡೆ ಇನ್ನೂ ಚಲಿಸ್ತಾ ಇದೆ ಅಂತ ಅರ್ಥ, ಅದರ ಮೇಲೆ ಭಾರ ಏರಿಸುವ ಮಾತೇ ಬೇಡ.

ಇನ್ನು ತಾರಸಿ. ಅದೇ ಈಗ ಮೇಲಿನ ಮನೆಯ ನೆಲ ಆಗಬೇಕು. ಚಿಕ್ಕಪ್ಪನ ಮಗ ಯಾರನ್ನೋ ಕರೆಸಿ ಹ್ಯಾಮರ್ ಟೆಸ್ಟ್ ಮಾಡಿಸಿದ್ದ, ಕಾಂಕ್ರೀಟ್ ಭರ್ಜರಿ ಇದೆ ಅಂತ ವರದಿ. ಹಳೆ ಕಾಂಕ್ರೀಟಿಗೆ ಆ ಹ್ಯಾಮರ್ ಒಂದನ್ನೇ ನಂಬಬಾರದು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮೇಲ್ಪದರ ಗಟ್ಟಿಯಾಗಿರುತ್ತೆ, ಹ್ಯಾಮರ್ ಜೋರಾಗಿ ಪುಟಿಯುತ್ತೆ, ಅಂಕಿ ಚೆನ್ನಾಗಿ ಬರುತ್ತೆ. ಆದರೆ ಅದೇ ಬದಲಾವಣೆ ಒಳಗಿನ ಕಂಬಿಗೆ ತುಕ್ಕಿನಿಂದ ಇದ್ದ ರಕ್ಷಣೆಯನ್ನು ಕಳೆದಿರುತ್ತೆ. ಬಚ್ಚಲುಮನೆಯ ಮೇಲಿನ ಚಾವಣಿಯಲ್ಲಿ ಸ್ವಲ್ಪ ಒಡೆಸಿ ಫಿನಾಫ್ತಲೀನ್ ಸಿಂಪಡಿಸಿದೆ. ಹೈಸ್ಕೂಲ್ ಲ್ಯಾಬಿನಲ್ಲಿ ಪ್ರತ್ಯಾಮ್ಲಕ್ಕೆ ಹಾಕಿದರೆ ಗುಲಾಬಿ ಆಗ್ತಿತ್ತಲ್ಲ, ಅದೇ. ಕಾಂಕ್ರೀಟ್ ಆರೋಗ್ಯವಾಗಿದ್ದರೆ ಗುಲಾಬಿ ಆಗಬೇಕು. ಇಲ್ಲಿ ಕಂಬಿ ದಾಟುವವರೆಗೂ ಬಣ್ಣವೇ ಬರಲಿಲ್ಲ. ತುಕ್ಕು ಕೆರೆದು ಅಳೆದರೆ 10 ಎಂಎಂ ಕಂಬಿ 8 ಎಂಎಂ ಆಗಿತ್ತು. ಎರಡೇ ಎಂಎಂ ತಾನೇ ಅಂದ ತಮ್ಮ. ದಪ್ಪದಲ್ಲಿ ಎರಡು ಹೋದರೆ ಕಬ್ಬಿಣದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು ಅಂತ ಲೆಕ್ಕ. ಬೇರೆ ಕೋಣೆಗಳಲ್ಲೂ ಎರಡು ಕಡೆ ನೋಡಿದೆವು, ಅಲ್ಲಿ ಕಂಬಿ ಚೆನ್ನಾಗಿತ್ತು.

ನಕ್ಷೆಯಲ್ಲಿದ್ದ ಇನ್ನೊಂದು ತಪ್ಪು ಹೇಳಲೇಬೇಕು. ಮೇಲಿನ ಮಲಗುವ ಕೋಣೆಗೆ ಅಟ್ಯಾಚ್ಡ್ ಬಾತ್‌ರೂಮ್ ಬರೆದಿದ್ದರು, ಅದರ ಗೋಡೆ ಸರಿಯಾಗಿ ಕೆಳಗಿನ ಹಾಲ್‌ನ ನಡುಮಧ್ಯಕ್ಕೆ ಬರುತ್ತಿತ್ತು. ಕೆಳಗೆ ಗೋಡೆ ಇಲ್ಲ, ಬೀಮ್ ಇಲ್ಲ, ಬರೀ ತಾರಸಿ. ಇಂಥ ಮನೆಯಲ್ಲಿ ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೇ ಕೂರಬೇಕು.

ಪಿಲ್ಲರ್ ಕೊಟ್ಟುಬಿಡೋಣ ಸಾರ್ ಅಂದ ಮೇಸ್ತ್ರಿ. ಕೊಡಬಹುದು, ಆದರೆ ಹೊಸ ಪಿಲ್ಲರ್‌ನ ಗುಂಡಿ ಹಳೆ ಪಾಯಕ್ಕಿಂತ ಕೆಳಗೆ, ಅದರ ಮಗ್ಗುಲಲ್ಲೇ ಇಳಿಯುತ್ತೆ. ಹುಷಾರಿಲ್ಲದಿದ್ದರೆ ಹಳೆ ಗೋಡೆಯ ಬುಡವೇ ಜಾರುತ್ತೆ. ಹೊಸ ಪಾಯ ಭಾರ ಬಿದ್ದ ಮೇಲೆ ತಾನೂ ಒಂದಿಷ್ಟು ಕೂರುತ್ತೆ, ಹಳೆಯದು ಕೂತು ಎಷ್ಟೋ ಕಾಲವಾಗಿದೆ, ಎರಡನ್ನೂ ಬಿಗಿದು ಕಟ್ಟಿದರೆ ಸೇರಿದ ಜಾಗದಲ್ಲಿ ಸೀಳುತ್ತೆ. ಖರ್ಚು ಕೇಳಿ ಚಿಕ್ಕಪ್ಪನೂ ಬೇಡವೆಂದರು.

ಕೊನೆಗೆ ಭಾರವನ್ನೇ ಇಳಿಸಿದೆವು. ಆರಿಂಚಿನ ಹಗುರ ಎಎಸಿ ಬ್ಲಾಕ್ ಗೋಡೆ ಗಿಲಾವು ಸೇರಿ ಮೀಟರಿಗೆ ಅರ್ಧ ಟನ್ನೂ ಬರಲ್ಲ. ಮೇಲೆ ಆರ್‌ಸಿಸಿ ಬದಲು ಕಬ್ಬಿಣದ ಪೈಪಿನ ಮೇಲೆ ಶೀಟ್, ಕೆಳಗೆ ಫಾಲ್ಸ್ ಸೀಲಿಂಗ್. ಹಳೆ ಸುರ್ಕಿ ಪೂರ್ತಿ ಕಿತ್ತು ತೆಳು ಟೈಲ್ಸ್. ನಡುಗೋಡೆಯ ಕೆಳಗೆ ಚದರ ಮೀಟರಿಗೆ 9.3 ಟನ್ ಬಂತು, ಹತ್ತರೊಳಗೆ. ಹಗುರ ಚಾವಣಿಯನ್ನು ಗಾಳಿ ಎತ್ತಿ ಒಯ್ಯದಂತೆ ಗೋಡೆಯ ತಲೆಯ ಮೇಲೆ ಸುತ್ತ ಕಾಂಕ್ರೀಟ್ ಪಟ್ಟಿ ಹಾಕಿ ಅದಕ್ಕೆ ಬೋಲ್ಟ್ ಹಾಕಿಸಿದೆ. ಮೇಲಿನ ಬಾತ್‌ರೂಮ್ ಕೆಳಗಿನ ಬಚ್ಚಲಿನ ಮೇಲಕ್ಕೇ ಹೋಯಿತು, ಅದಕ್ಕೂ ಮುಂಚೆ ಅಲ್ಲಿಯ ತಾರಸಿ ತುಂಡನ್ನು ಒಡೆದು ಹೊಸ ಕಂಬಿ ಕಟ್ಟಿ ಮತ್ತೆ ಹಾಕಿಸಿದೆವು. ಇದರ ಮೇಲೆ ಇನ್ನೊಂದು ಅಂತಸ್ತು ಎಂದೂ ಬೇಡ ಅಂತ ನಕ್ಷೆಯ ಮೇಲೇ ಬರೆದು ತಮ್ಮನ ಕೈಗೆ ಕೊಟ್ಟಿದ್ದೇನೆ.

ಗೃಹಪ್ರವೇಶದ ದಿನ ಚಿಕ್ಕಪ್ಪ ಬೀಗರಿಗೆ ಮನೆ ತೋರಿಸ್ತಾ ಇದ್ದರು. ಗುಂಡಿ ತೋಡಿದ ಜಾಗದಲ್ಲಿ ಮೊಸಾಯಿಕ್ ಬಣ್ಣ ಬೇರೆಯಾಗಿ ಕಾಣುತ್ತೆ, ಅದರ ಮೇಲೊಂದು ಚಾಪೆ ಹಾಸಿದ್ದರು. "ಪಾಯ ಐದಡಿ ಇದೆ ಸ್ವಾಮಿ" ಅನ್ನೋದು ನನ್ನ ಕಿವಿಗೂ ಬಿತ್ತು.